ಗೆರೆಗೆ ಸಿಗದ ಚುಕ್ಕೆ

ಶಾಲೆಯ ವಿಜ್ಞಾನ ಮೇಳದಲ್ಲಿ ಒಂಬತ್ತನೇ ತರಗತಿಯ ಹುಡುಗಿಯ ಮೇಜಿನ ಮೇಲಿದ್ದದ್ದು ದಾರಕ್ಕೆ ಕಟ್ಟಿದ ಗುಂಡು, ಒಂದು ಗ್ರಾಫ್, ಅಷ್ಟೇ. ಲೋಲಕದ ಉದ್ದದ ಎದುರಿಗೆ ಆಂದೋಲನದ ಅವಧಿಯ ವರ್ಗವನ್ನು ಗುರುತಿಸಿದರೆ ಚುಕ್ಕೆಗಳು ನೇರ ಗೆರೆಯಲ್ಲಿ ಕೂರಬೇಕು. ನಾಲ್ಕು ಕೂತಿದ್ದವು. 80 ಸೆಂ.ಮೀ. ಉದ್ದದ್ದು ಮಾತ್ರ ಕೆಳಗೆ ಜಾರಿತ್ತು.

"ಇದನ್ನ ಅಳಿಸಿಬಿಡಬಹುದಿತ್ತಲ್ಲಮ್ಮಾ?" ತೀರ್ಪುಗಾರರು ಕೇಳಿದರು.

"ಅಳತೆ ಮಾಡಿದ್ದು ನಿಜ ಸರ್. ಅದಕ್ಕೇ ಕೆಂಪು ಸುತ್ತು ಹಾಕಿ ಉಳಿಸಿದೀನಿ. ಗೆರೆ ಎಳೆಯುವಾಗ ಮಾತ್ರ ಬಿಟ್ಟಿದೀನಿ."

"ಬಿಡೋದಕ್ಕೆ ಕಾರಣ?"

ಅವಳು ನೋಟ್‌ಬುಕ್ ತೆರೆದಳು. ಮೊದಲ ಸಲ 20 ಆಂದೋಲನಕ್ಕೆ 34.1 ಸೆಕೆಂಡ್. ಮತ್ತೆ ಮೂರು ಸಲ ಅಳೆದಾಗ 35.8, 35.9, 36.0. ಕೊರತೆ ಸುಮಾರು 1.8 ಸೆಕೆಂಡ್, 80 ಸೆಂ.ಮೀ. ಲೋಲಕದ ಒಂದು ಆಂದೋಲನದ ಅವಧಿಯೂ ಅಷ್ಟೇ! ಸ್ಟಾಪ್‌ವಾಚ್ ಒತ್ತುವ ಬೆರಳಿನ ತಡ ಸೆಕೆಂಡಿನ ಕೆಲವೇ ಹತ್ತಾಂಶ ಮೀರುವುದು ಅಪರೂಪ; ಇಷ್ಟು ದೊಡ್ಡ ವ್ಯತ್ಯಾಸ ಅದರದ್ದಲ್ಲ.

"ಆ ಸಲ ಎಣಿಸಿದ್ದು ನನ್ನ ತಮ್ಮ. ಗುಂಡು ಬಿಟ್ಟ ಕ್ಷಣಕ್ಕೇ 'ಒಂದು' ಅಂದಿರಬೇಕು. ಆಗ 'ಸೊನ್ನೆ' ಅನ್ನಬೇಕು. ಅವನು ಇಪ್ಪತ್ತು ಅಂದಾಗ ಆಗಿದ್ದು ಹತ್ತೊಂಬತ್ತೇ."

"ಅಂದಿರಬೇಕು, ಅಂದರೆ ಖಾತ್ರಿ ಇಲ್ಲ."

"ಇಲ್ಲ ಸರ್. ಲೆಕ್ಕ ಹೊಂದುತ್ತೆ, ಆದರೆ ಅವನಿಗೆ ನೆನಪಿಲ್ಲ. ಮರು ಅಳತೆ ಮಾಡದೆ ಇದ್ದಿದ್ದರೆ ಚುಕ್ಕೆ ಬಿಡೋಕೆ ನನಗೆ ಹಕ್ಕಿರಲಿಲ್ಲ."

ತೀರ್ಪುಗಾರರು ನಕ್ಕು, ಗುಂಡನ್ನು ತಾವೇ ಎಳೆದು ಬಿಟ್ಟರು.

"ಒಂದು..." ಎಂದರು.

ಹುಡುಗಿ ತುಟಿ ಕಚ್ಚಿಕೊಂಡಳು.