ಕೋಷ್ಟಕದಲ್ಲಿ ಸದ್ದಿಲ್ಲದೆ ಕಾಣೆಯಾಗುವ ಮಾತು

ಜಾನ್ ಗ್ರೂಬರ್ 2004ರಲ್ಲಿ ಮಾರ್ಕ್‌ಡೌನ್ ಹೊರತಂದಾಗ ಅದರಲ್ಲಿ ಕೋಷ್ಟಕವೇ ಇರಲಿಲ್ಲ. ಮುಂದೆ ಬಂದವರು ಅದನ್ನು ಸೇರಿಸಿದರು; ಕಾಲಂಗಳನ್ನು ಬೇರ್ಪಡಿಸಲು ಪೈಪ್ ಎಂಬ ನೆಟ್ಟಗೆರೆಯನ್ನು ಆರಿಸಿಕೊಂಡರು. ಆ ಗೆರೆಯೇ ಸೆಲ್ಲಿನೊಳಗೂ ಬೇಕಾದಾಗ ತೊಡಕು ಶುರುವಾಗುತ್ತದೆ. ಗಿಟ್‌ಹಬ್‌ನಲ್ಲಿ ಲಿನಕ್ಸ್ ಆದೇಶಗಳ ಕೋಷ್ಟಕ ಬರೆಯುವವರಿಗೆ ಇದು ಬೇಗನೆ ಎದುರಾಗುತ್ತದೆ:

```
| ಆದೇಶ | ಕೆಲಸ |
|---|---|
| `sort hesaru.txt | uniq` | ಮರುಕಳಿಸಿದ ಹೆಸರು ತೆಗೆಯುತ್ತದೆ |
```

ಆದೇಶವನ್ನು ಬ್ಯಾಕ್‌ಟಿಕ್‌ಗಳ ನಡುವೆ ಇಟ್ಟಿದ್ದೇವೆ, ಒಳಗಿನ ಗೆರೆಗೆ ಏನೂ ಆಗದು ಎಂದೇ ಯಾರಿಗಾದರೂ ಅನಿಸುತ್ತದೆ. ಆದರೆ ಗಿಟ್‌ಹಬ್ ಮೊದಲು ಸಾಲನ್ನು ಪೈಪ್ ಇದ್ದಲ್ಲೆಲ್ಲ ತುಂಡರಿಸುತ್ತದೆ. ಬ್ಯಾಕ್‌ಟಿಕ್‌ಗಳತ್ತ ನೋಡುವುದು ಆಮೇಲೆ. ಹಾಗಾಗಿ ಇಲ್ಲಿ ಎರಡರ ಬದಲು ಮೂರು ಸೆಲ್‌ಗಳಾದವು. ತಲೆಸಾಲಿನಲ್ಲಿ ಇರುವುದು ಎರಡೇ. ಹೆಚ್ಚಾದದ್ದನ್ನು ಕೈಬಿಡಬೇಕು ಎಂಬುದು ನಿಯಮ. ಪರಿಣಾಮವಾಗಿ ಆದೇಶದ ಅರ್ಧ ಮೊದಲ ಕಾಲಂನಲ್ಲಿ, ಉಳಿದರ್ಧ ಎರಡನೆಯದರಲ್ಲಿ ನಿಲ್ಲುತ್ತದೆ. ವಿವರಣೆ ಪೂರ್ತಿ ಮಾಯ. ದೋಷಸೂಚನೆ ಒಂದೂ ಬರುವುದಿಲ್ಲ. ನನಗೆ ಈ ಮೌನವೇ ಅತಿ ಅಪಾಯದ್ದೆನಿಸುತ್ತದೆ. ಒಂಟಿ ಬ್ಯಾಕ್‌ಟಿಕ್ ಪರದೆಯ ಮೇಲೆ ಕಂಡರೆ ಅದೇ ಸುಳಿವು ಎಂದು ತಿಳಿಯಿರಿ.

ಪರಿಹಾರ ಒಂದೇ ಅಕ್ಷರದ್ದು. ಗೆರೆಯ ಹಿಂದೆ ಬ್ಯಾಕ್‌ಸ್ಲ್ಯಾಶ್ ಹಾಕಬೇಕು:

```
| `sort hesaru.txt \| uniq` | ಮರುಕಳಿಸಿದ ಹೆಸರು ತೆಗೆಯುತ್ತದೆ |
```

ಸಾಮಾನ್ಯವಾಗಿ ಬ್ಯಾಕ್‌ಟಿಕ್‌ಗಳ ನಡುವೆ ಬರೆದ ಬ್ಯಾಕ್‌ಸ್ಲ್ಯಾಶ್ ಹಾಗೆಯೇ ಕಾಣಿಸುತ್ತದೆ. ಕೋಷ್ಟಕದಲ್ಲಿ ಮಾತ್ರ ಪೈಪ್‌ನ ಹಿಂದಿನದನ್ನು ಗಿಟ್‌ಹಬ್ ತೆಗೆದುಹಾಕಿ ಬರಿಯ ಗೆರೆಯನ್ನು ತೋರಿಸುತ್ತದೆ. ಕೆಲವರು `&#124;` ಎಂಬ ಸಂಕೇತ ಬಳಸುತ್ತಾರೆ. ಸಾದಾ ಬರಹದಲ್ಲಿ ಅದು ಗೆರೆಯಾಗುತ್ತದೆ, ಬ್ಯಾಕ್‌ಟಿಕ್‌ಗಳ ನಡುವೆ ಇಟ್ಟರೆ ಆ ಅಕ್ಷರಗಳೇ ಪರದೆಗೆ ಬರುತ್ತವೆ.

ಒಂದೇ ಸೆಲ್ಲಿನಲ್ಲಿ ಎರಡು ಸಾಲು ಬೇಕೆಂದು ಎಂಟರ್ ಒತ್ತಿದರೂ ಕೆಲಸ ಕೆಡುತ್ತದೆ. ಕೋಷ್ಟಕದ ಒಂದು ಸಾಲು ಕಡತದಲ್ಲೂ ಒಂದೇ ಸಾಲಾಗಿರಬೇಕು. ಎಂಟರ್ ಒತ್ತಿದ ನಂತರದ ಮಾತು, ಅದರಲ್ಲಿ ಪೈಪ್ ಇಲ್ಲದಿದ್ದರೂ, ಹೊಸ ಸಾಲಿನ ಮೊದಲ ಸೆಲ್ಲಿಗೆ ಹೋಗಿ ಕೂರುತ್ತದೆ. ಕೊನೆಗೆ ಎರಡು ಸ್ಪೇಸ್ ಬಿಡುವ ಮಾರ್ಕ್‌ಡೌನ್‌ನ ಹಳೆಯ ಉಪಾಯವೂ ಇಲ್ಲಿ ನಡೆಯದು. ಎಚ್‌ಟಿಎಮ್‌ಎಲ್‌ನ `<br>` ಬರೆಯಬೇಕು:

```
| `uniq` | ಮರುಕಳಿಸಿದ್ದು ತೆಗೆಯುತ್ತದೆ<br>ಮೊದಲು sort ಮಾಡಿರಬೇಕು |
```

ಈ `<br>` ಬ್ಯಾಕ್‌ಟಿಕ್‌ಗಳ ಹೊರಗೇ ಇರಲಿ. ಒಳಗಿದ್ದರೆ ಸಾಲು ಮುರಿಯದೆ ಅಕ್ಷರವಾಗಿಯೇ ಉಳಿಯುತ್ತದೆ.

ಅದೇ ಕಡತವನ್ನು ಪ್ಯಾಂಡಾಕ್‌ಗೆ ಕೊಟ್ಟು, ಲೇಟೆಕ್ ಮೂಲಕ ಪಿಡಿಎಫ್ ಮಾಡಿಸುವವರು ಇನ್ನೊಂದನ್ನು ಗಮನಿಸಬೇಕು. ಆ ದಾರಿಯಲ್ಲಿ ಎಚ್‌ಟಿಎಮ್‌ಎಲ್ ಗುರುತುಗಳು ಬಿದ್ದುಹೋಗುವುದರಿಂದ `<br>` ಹಾಕಿದ ಎರಡು ಸಾಲು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮುದ್ರಣಕ್ಕೆ ಹೋಗುವ ಬರಹವಾದರೆ ಪ್ಯಾಂಡಾಕ್‌ನ ಗ್ರಿಡ್ ಕೋಷ್ಟಕವನ್ನೇ ಬಳಸಿ. ಅದರ ಸೆಲ್ಲಿನಲ್ಲಿ ಹಲವು ಪ್ಯಾರಾಗಳನ್ನೂ ಪಟ್ಟಿಗಳನ್ನೂ ಇಡಬಹುದು.