ಮನೆಯ ಅಳತೆಯೂ ಇಟ್ಟಿಗೆಯ ಅಳತೆಯೂ



ಹೆಂಚಿನ ಮಾಡನ್ನು ಕಟ್ಟುವ ಬಡಗಿಯ ಕೆಲಸವನ್ನು ನಿಂತು ನೋಡಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ರೀಪುಗಳಿಗೆ ಮೊಳೆ ಹೊಡೆಯುವುದಕ್ಕೆ ಮೊದಲು ಅವನು ಒಂದೆರಡು ಹೆಂಚುಗಳನ್ನು ತರಿಸಿಕೊಂಡು, ಒಂದರ ಅಂಚು ಇನ್ನೊಂದರ ಮೇಲೆ ಸರಿಯಾಗಿ ಕೂರುವಂತೆ ಇಟ್ಟು, ಅವೆರಡರ ನಡುವಣ ಅಂತರವನ್ನು ಒಂದು ಕೋಲಿನ ಮೇಲೆ ಗುರುತು ಮಾಡಿಕೊಳ್ಳುತ್ತಾನೆ. ಅನಂತರ ಮಾಡಿನ ರೀಪುಗಳೆಲ್ಲವೂ ಆ ಕೋಲಿನ ಅಳತೆಯಂತೆಯೇ ಬೀಳುತ್ತವೆ. ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿ, ಒಂದೇ ಅಚ್ಚಿನ ಹೆಂಚುಗಳು ಊರೂರಿಗೆ ಹರಡಿದುವು. ಅಂಥ ಹೆಂಚಿನೊಡನೆ ಬಡಗಿಯೂ ಈ ಕ್ರಮವನ್ನು ಕಲಿತನು. ಹೆಂಚನ್ನು ಮಾಡಿಗೆ ತಕ್ಕಂತೆ ಒಡೆಯುವುದು ಅವನ ರೀತಿಯಲ್ಲ. ಮಾಡನ್ನೇ ಹೆಂಚಿಗೆ ತಕ್ಕಂತೆ ಅಳೆಯುವುದು ಅವನ ರೀತಿ.

ಇದೇ ವಿವೇಕವು ಮಾಡಿನಿಂದ ಕೆಳಗಿಳಿದು ಗೋಡೆಗೂ ನೆಲಕ್ಕೂ ಬಂದಿಲ್ಲವೆಂಬುದು ನಾವು ಮನೆ ಕಟ್ಟಿಸಿದಾಗ ನಮಗೆ ತಿಳಿಯಿತು. ಸ್ನಾನದ ಮನೆಯ ನೆಲಕ್ಕೆ ಬಿಲ್ಲೆ ಹಾಸುವಾಗ ಕೊನೆಯ ಗೋಡೆಯ ಬಳಿ ಎರಡೂವರೆ ಬೆರಳಿನಷ್ಟು ಜಾಗ ಉಳಿಯಿತು. ಪ್ರತಿಯೊಂದು ಸಾಲಿಗೂ ಒಂದೊಂದು ಹೊಸ ಬಿಲ್ಲೆಯನ್ನು ಸೀಳಿ, ಆ ಪಟ್ಟಿಯನ್ನು ತುಂಬಬೇಕಾಯಿತು. ಸೀಳಿದ ಮಿಕ್ಕ ಭಾಗವೆಲ್ಲ ಹೊರಗಿನ ಗುಡ್ಡೆಗೆ ಸೇರಿತು. ಮೇಸ್ತ್ರಿಯನ್ನು ಕೇಳಿದೆವು. “ಕೋಣೆ ಅಳತೆ ಹಾಗಿದೆ ಸ್ವಾಮಿ, ನಾನೇನು ಮಾಡಲಿ?” ಎಂದನು. ಅವನ ಮಾತು ನ್ಯಾಯವಾದುದು. ತಪ್ಪು ಕರಣೆಯದಲ್ಲ, ಕಾಗದದ್ದು. ಕಾಗದದ ಮೇಲೆ ಕೋಣೆಯನ್ನು ಬರೆಯುವಾಗಲೇ ಇಟ್ಟಿಗೆ, ಬಾಗಿಲು, ಬಿಲ್ಲೆಗಳ ಅಳತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಬಗೆ ಹೇಗೆಂಬುದೇ ಈ ಹೊತ್ತಿನ ವಿಷಯ.

ಅಮೆರಿಕದ ಆಲ್ಬರ್ಟ್ ಫಾರ್‌ವೆಲ್ ಬೆಮಿಸ್ ಎಂಬಾತನು ೧೯೩೬ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಮನೆಯ ಸಕಲ ಭಾಗಗಳನ್ನೂ ನಾಲ್ಕು ಅಂಗುಲದ ಒಂದೇ ಮಾನಕ್ಕೆ ಹೊಂದಿಸಬೇಕೆಂದು ಸೂಚಿಸಿದನು. ಇಂಥ ಮಾನವನ್ನು ನಾವು ಮೂಲಮಾನವೆಂದು ಕರೆಯೋಣ. ಮೆಟ್ರಿಕ್ ಅಳತೆಯ ದೇಶಗಳಲ್ಲಿ ಇದು ೧೦೦ ಮಿಲಿಮೀಟರು ಆಯಿತು; ಭಾರತೀಯ ಪ್ರಮಾಣವೂ ಇದನ್ನೇ ಅಂಗೀಕರಿಸಿದೆ. ಅದರಂತೆ ಪ್ರಮಾಣದ ಇಟ್ಟಿಗೆಯ ಉದ್ದ ೧೯೦, ಅಗಲ ೯೦, ಎತ್ತರ ೯೦ ಮಿಲಿಮೀಟರು. ಇನ್ನೂರು, ನೂರು ಎಂದಿಡದೆ ಹತ್ತು ಹತ್ತು ಕಡಮೆ ಮಾಡಿದುದೇಕೆಂದರೆ, ಇಟ್ಟಿಗೆಯು ಗೋಡೆಯಲ್ಲಿ ಒಂಟಿಯಾಗಿ ಇರುವುದಿಲ್ಲ. ಅದರ ಜೊತೆಗೆ ಹತ್ತು ಮಿಲಿಮೀಟರಿನ ಗಾರೆಯ ಸಂದು ಇದ್ದೇ ಇರುತ್ತದೆ. ಇಟ್ಟಿಗೆಯೂ ಸಂದೂ ಕೂಡಿದರೆ ಎರಡು ಮೂಲಮಾನದ ಉದ್ದ, ಒಂದು ಮೂಲಮಾನದ ಎತ್ತರ. ಹತ್ತು ವರಸೆ ಕಟ್ಟಿದರೆ ಸರಿಯಾಗಿ ಒಂದು ಮೀಟರು.

ಈ ಸಂದಿನಲ್ಲಿಯೇ ವಿಷಯದ ಗುಟ್ಟೆಲ್ಲ ಅಡಗಿದೆ. ಗೋಡೆಯ ಒಂದು ತುಂಡು ಎರಡು ಕಡೆಯೂ ಬಿಡಿಯಾಗಿ ನಿಂತಿದ್ದರೆ, ಅದರಲ್ಲಿರುವ ಸಂದುಗಳು ಲೆಕ್ಕಕ್ಕಿಂತ ಒಂದು ಕಡಮೆ. ಆದುದರಿಂದ ಅದರ ಉದ್ದ ನೂರರ ಗುಣಕಕ್ಕಿಂತ ಹತ್ತು ಕಡಮೆಯಾಗಿರಬೇಕು. ಎರಡು ತುಂಡುಗಳ ನಡುವಣ ತೆರಪು ಇದಕ್ಕೆ ವಿರುದ್ಧ. ಅದು ನೂರರ ಗುಣಕಕ್ಕಿಂತ ಹತ್ತು ಹೆಚ್ಚಾಗಿರಬೇಕು. ಒಂದು ತುದಿ ಅಡ್ಡಗೋಡೆಗೆ ತಾಗಿ ಇನ್ನೊಂದು ತುದಿ ಬಿಡಿಯಾಗಿದ್ದರೆ, ಉದ್ದವು ಸರಿಯಾಗಿ ನೂರರ ಗುಣಕ. ಈ ಮೂರು ಸೂತ್ರಗಳನ್ನು ಬಲ್ಲವನು ಗೋಡೆಯ ಯಾವ ಅಳತೆಯನ್ನೂ ತಪ್ಪಿಲ್ಲದೆ ಬರೆಯಬಲ್ಲನು.

ಒಂದು ಉದಾಹರಣೆಯನ್ನು ನೋಡೋಣ. ಪಡಸಾಲೆಗೂ ಊಟದ ಮನೆಗೂ ನಡುವೆ ಅರ್ಧ ಇಟ್ಟಿಗೆ ದಪ್ಪದ ಒಂದು ಗೋಡೆ. ಅದರಲ್ಲಿ ಒಂದು ಬಾಗಿಲು, ಒಂದು ಕಿಟಕಿ. ಎಡಗಡೆಯ ಅಡ್ಡಗೋಡೆಯಿಂದ ಬಾಗಿಲಿನವರೆಗೆ ೬೦೦ ಮಿಲಿಮೀಟರು. ಬಾಗಿಲಿನ ತೆರಪು ೯೧೦. ಬಾಗಿಲಿಗೂ ಕಿಟಕಿಗೂ ನಡುವಣ ಬಿಡಿ ತುಂಡು ೮೯೦. ಕಿಟಕಿಯ ತೆರಪು ೧೨೧೦. ಅಲ್ಲಿಂದ ಬಲಗಡೆಯ ಅಡ್ಡಗೋಡೆಗೆ ಪುನಃ ೬೦೦. ಕೂಡಿದರೆ ೪೨೧೦, ಅಡ್ಡಗೋಡೆಗಳ ನಡುವಣ ಈ ತೆರಪೂ ನೂರರ ಗುಣಕಕ್ಕಿಂತ ಹತ್ತು ಹೆಚ್ಚು. ನಡುವಣ ತುಂಡಿನಲ್ಲಿ ಪ್ರತಿ ವರಸೆಗೂ ನಾಲ್ಕು ಪೂರ್ತಿ ಇಟ್ಟಿಗೆ, ಒಂದು ಅರ್ಧ. ಅರ್ಧವು ಒಂದು ವರಸೆಯಲ್ಲಿ ಎಡಕ್ಕೆ, ಮರುವರಸೆಯಲ್ಲಿ ಬಲಕ್ಕೆ ಬರುತ್ತದೆ. ಒಂದು ಇಟ್ಟಿಗೆಯನ್ನು ನಡುವೆ ಒಡೆದರೆ ಎರಡು ವರಸೆಗೆ ಸಾಕು. ಬಿಸಾಡುವುದು ಏನೂ ಇಲ್ಲ.

ಅದೇ ತುಂಡನ್ನು, ನೋಟಕ್ಕೆ ಚೆಂದವೆಂದು, ೮೪೦ ಎಂದು ಬರೆದರೆ ಏನಾಗುವುದು? ನಾಲ್ಕು ಇಟ್ಟಿಗೆಗಳೂ ಅವುಗಳ ಸಂದುಗಳೂ ೭೯೦ ಆಗುತ್ತವೆ. ಉಳಿದ ಐವತ್ತರಲ್ಲಿ ಒಂದು ಸಂದನ್ನು ಕಳೆದರೆ ೪೦ ಮಿಲಿಮೀಟರಿನ ಚೂರು ಬೇಕು. ಅಷ್ಟು ಸಣ್ಣ ಚೂರು ಕರಣೆಯ ಏಟಿಗೆ ನೆಟ್ಟಗೆ ಬರುವುದು ಅಪರೂಪ, ಸಾಮಾನ್ಯವಾಗಿ ಪುಡಿಯಾಗುತ್ತದೆ. ಬಾಗಿಲಿನ ಎತ್ತರಕ್ಕೆ ಇಪ್ಪತ್ತೊಂದು ವರಸೆಗಳಾದುದರಿಂದ ಇಪ್ಪತ್ತೊಂದು ಸಲ ಈ ಪ್ರಯಾಸ. ಕಡೆಗೆ ಮೇಸ್ತ್ರಿ ಒಡೆಯುವುದನ್ನೇ ಬಿಟ್ಟು ಆ ಜಾಗವನ್ನು ಗಾರೆಯಿಂದ ತುಂಬುತ್ತಾನೆ. ಗಿಲಾವು ಮಾಡಿದ ಮೇಲೆ ಅದು ಕಣ್ಣಿಗೆ ಕಾಣುವುದಿಲ್ಲ. ಆದರೆ ಚೌಕಟ್ಟಿನ ಕಬ್ಬಿಣದ ಹಿಡಿಗಳು ಕಚ್ಚಿಕೊಳ್ಳಬೇಕಾದುದು ಅದೇ ಅಂಚಿನಲ್ಲಿ.

ಇನ್ನು ಬಾಗಿಲು. ಒಂಬತ್ತು ಮೂಲಮಾನದ ಬಾಗಿಲಿಗೆ ಭಾರತೀಯ ಪ್ರಮಾಣದ ಚೌಕಟ್ಟು ಹೊರಗಿನಿಂದ ಹೊರಕ್ಕೆ ೮೯೦ ಅಗಲವಿರುತ್ತದೆ. ನಮ್ಮ ತೆರಪು ೯೧೦. ಎರಡು ಪಕ್ಕಕ್ಕೂ ಹತ್ತು ಹತ್ತು ಮಿಲಿಮೀಟರು ಗಾರೆಗೆ ಉಳಿಯಿತು. ಅಗಲದಲ್ಲಿ ತೊಡಕು ಬರುವುದು ಕಡಮೆ; ಎತ್ತರದಲ್ಲಿ ಪದೇ ಪದೇ ಬರುತ್ತದೆ. ಬಾಗಿಲಿನ ೨೧೦೦ನ್ನು ಎಣಿಸಬೇಕಾದುದು ಹಾಸಿ ಮುಗಿದ ನೆಲದ ಮಟ್ಟದಿಂದ. ಆದರೆ ಗೋಡೆ ಏಳುವಾಗ ಬಿಲ್ಲೆಯ ನೆಲ ಇನ್ನೂ ಇರುವುದಿಲ್ಲ. ಮೇಸ್ತ್ರಿ ಬರಿಯ ಕಾಂಕ್ರೀಟಿನಿಂದಲೇ ಇಪ್ಪತ್ತೊಂದು ವರಸೆ ಎಣಿಸುತ್ತಾನೆ. ಅನಂತರ ಹಾಸುಗಾರೆಯೂ ಬಿಲ್ಲೆಯೂ ಐವತ್ತು ಮಿಲಿಮೀಟರು ಮೇಲೆದ್ದಾಗ ಬಾಗಿಲಿನ ಕೆಳಗನ್ನು ಕೊಯ್ಯಬೇಕಾಗುತ್ತದೆ. ಇದಕ್ಕೆ ಉಪಾಯವು ಸುಲಭ: ನೆಲದ ದಪ್ಪವನ್ನು ಮೊದಲೇ ಗೊತ್ತುಮಾಡಿ, ಗೋಡೆಯ ಅಡಿಯಲ್ಲಿ ಅಷ್ಟೇ ದಪ್ಪದ ಕಾಂಕ್ರೀಟಿನ ಹಾಸನ್ನು ಹಾಕಿ, ಮೊದಲ ವರಸೆಯನ್ನು ಅದರ ಮೇಲಿನಿಂದ ಆರಂಭಿಸತಕ್ಕದ್ದು.

ಬಿಲ್ಲೆಯ ವಿಷಯ ಸ್ವಲ್ಪ ಕಠಿನವಾದುದು. ಇಟ್ಟಿಗೆಯ ಮುಖವೂ ಬಿಲ್ಲೆಯ ಅಂಚೂ ಒಂದೇ ಗೆರೆಯ ಮೇಲೆ ಬೀಳಲಾರವು. ಅವೆರಡರ ನಡುವೆ ಗಿಲಾವು, ಅಂಟುಗಾರೆ, ಗೋಡೆಗೆ ಅಂಟಿಸಿದ ಬಿಲ್ಲೆಯ ದಪ್ಪ ಇವೆಲ್ಲ ಇವೆ. ಪಕ್ಕಕ್ಕೆ ೨೫ ಎಂದಿಟ್ಟುಕೊಂಡರೆ ಒಟ್ಟು ೫೦ ಕಳೆಯಿತು. ಇಟ್ಟಿಗೆಯಿಂದ ಇಟ್ಟಿಗೆಗೆ ೧೬೧೦ ಇರುವ ಸ್ನಾನದ ಮನೆಯಲ್ಲಿ ಉಳಿಯುವುದು ೧೫೬೦. ೩೦೦ ಮಿಲಿಮೀಟರಿನ ಐದು ಬಿಲ್ಲೆಗಳು, ಎರಡೆರಡು ಮಿಲಿಮೀಟರಿನ ಸಂದುಗಳೊಡನೆ, ೧೫೧೨ನ್ನು ತುಂಬುತ್ತವೆ. ಮಿಕ್ಕದ್ದು ೪೮. ನಮ್ಮ ಮನೆಯ ಎರಡೂವರೆ ಬೆರಳಿನ ಪಟ್ಟಿ ಹುಟ್ಟಿದ್ದು ಹೀಗೆಯೇ.

ಇಲ್ಲಿ ಎರಡು ಮಾನಗಳನ್ನೂ ಒಂದೇ ಗೆರೆಗೆ ತರಲು ಹೆಣಗುವುದು ವ್ಯರ್ಥ. ಬಿಲ್ಲೆಯ ಕೋಣೆಗೆ ಬಿಲ್ಲೆಯನ್ನೇ ಯಜಮಾನನನ್ನಾಗಿ ಮಾಡಬೇಕು. ೧೫೧೨ಕ್ಕೆ ೫೦ನ್ನು ಕೂಡಿಸಿದರೆ ೧೫೬೨. ಆ ಅಂತರಕ್ಕೆ ನಡುಗೋಡೆಯನ್ನು ಸರಿಸಿ ಕಟ್ಟಿದರಾಯಿತು. ಗೋಡೆ ನಿಲ್ಲುವ ಜಾಗ ಬದಲಾಯಿತೇ ಹೊರತು ಅದರ ಉದ್ದ ಬದಲಾಗಲಿಲ್ಲ. ಆದುದರಿಂದ ಅದರ ಇಟ್ಟಿಗೆಗಳನ್ನು ಕೊಯ್ಯಬೇಕಾದುದಿಲ್ಲ. ಅಡ್ಡಗೋಡೆಗಳು ಅದನ್ನು ದಾಟಿ ಅಖಂಡವಾಗಿ ಸಾಗುವುದಾದರೆ ಅವುಗಳಿಗೂ ಬಾಧಕವಿಲ್ಲ. ಮಿಕ್ಕ ೪೮ ಪಕ್ಕದ ಮಲಗುವ ಕೋಣೆಗೆ ಸೇರುತ್ತದೆ. ಅಲ್ಲಿ ಒಂದು ಸಾಲು ಬಿಲ್ಲೆಯನ್ನು ಕೊಯ್ಯಬೇಕಾಗಬಹುದು; ಆದರೆ ಹತ್ತು ಸಣ್ಣ ಕೊಯ್ತಗಳ ಬದಲು ಒಂದು ದೊಡ್ಡ ಕೋಣೆಯಲ್ಲಿ, ಮಂಚದ ಅಡಿಯ ಅಂಚಿನಲ್ಲಿ. ಕೊಯ್ತವನ್ನು ಪೂರ್ತಿ ನಿವಾರಿಸುವುದು ಈ ಪದ್ಧತಿಯಿಂದಲೂ ಆಗದು. ಅದು ಎಲ್ಲಿ ಬೀಳಬೇಕೆಂಬುದನ್ನು ನಾವು ಗೊತ್ತುಮಾಡಬಹುದು, ಅಷ್ಟೆ.

ಕಾಗದದ ಲೆಕ್ಕ ಸರಿಯಾಗಿದ್ದರೂ ಭಟ್ಟಿಯ ಇಟ್ಟಿಗೆ ಅದನ್ನು ಕೇಳುವುದೇ? ಇದು ತಕ್ಕ ಪ್ರಶ್ನೆ. ಸುಡುವಾಗ ಜೇಡಿ ಕುಗ್ಗುವುದು ಒಂದೇ ಸಮನಾಗಿರದು. ಆದುದರಿಂದ ಪ್ರಮಾಣವು ಒಂದು ಇಟ್ಟಿಗೆಯನ್ನು ಅಳೆಯಲು ಹೇಳುವುದಿಲ್ಲ. ಇಪ್ಪತ್ತು ಇಟ್ಟಿಗೆಗಳನ್ನು ಸಂದಿಲ್ಲದೆ ಸಾಲಾಗಿಟ್ಟು ಅಳೆಯಲು ಹೇಳುತ್ತದೆ. ಸಾಲಿನ ಉದ್ದ ೩೭೨೦ಕ್ಕೂ ೩೮೮೦ಕ್ಕೂ ನಡುವೆ ಇದ್ದರೆ ಒಪ್ಪತಕ್ಕದ್ದು. ಎಂದರೆ ಸರಾಸರಿ ಇಟ್ಟಿಗೆಯು ೧೮೬ರಿಂದ ೧೯೪ರವರೆಗೆ ಇರಬಹುದು. ಇಟ್ಟಿಗೆ ೧೯೪ ಇದ್ದರೆ ಸಂದನ್ನು ಆರಕ್ಕೆ ಇಳಿಸಬೇಕು, ೧೮೬ ಇದ್ದರೆ ಹದಿನಾಲ್ಕಕ್ಕೆ ಏರಿಸಬೇಕು. ಹಾಗೆ ಮಾಡದೆ ದೊಡ್ಡ ಇಟ್ಟಿಗೆಗೂ ಹತ್ತರ ಸಂದನ್ನೇ ಇಟ್ಟರೆ, ಇಪ್ಪತ್ತೊಂದು ಇಟ್ಟಿಗೆಗಳ ಗೋಡೆ ೮೪ ಮಿಲಿಮೀಟರು ಹಾದಿ ತಪ್ಪುತ್ತದೆ. ಅದು ಹೆಚ್ಚುಕಡಮೆ ಅರ್ಧ ಇಟ್ಟಿಗೆ. ಮೇಸ್ತ್ರಿಯ ಕೈಗೆ ಇನ್ನೂರು ಇನ್ನೂರಕ್ಕೆ ಗೆರೆ ಎಳೆದ ಉದ್ದನೆಯ ಒಂದು ಕೋಲನ್ನು ಕೊಟ್ಟು, ಯಾವಾಗಲೂ ಒಂದೇ ತುದಿಯಿಂದ ಅಳೆಯಹೇಳಿದರೆ ತಪ್ಪು ಕೂಡುತ್ತಾ ಹೋಗುವುದಿಲ್ಲ. ಹೆಂಚಿನ ಬಡಗಿಯ ಕೋಲು ಇದೇ ಅಲ್ಲವೆ?

ಪ್ರಮಾಣದ ಇಟ್ಟಿಗೆ ತಮ್ಮ ಊರಿನಲ್ಲಿ ಸಿಕ್ಕದೆಂದು ಕೆಲವರು ಹೇಳಬಹುದು. ಸಿಕ್ಕದಿದ್ದರೂ ಸೂತ್ರ ಕೆಡುವುದಿಲ್ಲ. ಸಿಕ್ಕುವ ಇಟ್ಟಿಗೆಯನ್ನೇ ಇಪ್ಪತ್ತರ ಸಾಲಿನಲ್ಲಿ ಅಳೆದು ಸರಾಸರಿಯನ್ನು ತೆಗೆಯಿರಿ. ಸಂದನ್ನು ಕೂಡಿಸಿ ಎರಡರಿಂದ ಭಾಗಿಸಿರಿ. ಇಟ್ಟಿಗೆ ೨೨೦, ಸಂದು ೧೦ ಆದರೆ ನಿಮ್ಮ ಮೂಲಮಾನ ೧೧೫. ಬಿಡಿ ತುಂಡಿಗೆ ಸಂದನ್ನು ಕಳೆಯಿರಿ, ತೆರಪಿಗೆ ಕೂಡಿಸಿರಿ, ತಾಗಿದ ತುಂಡಿಗೆ ಹಾಗೆಯೇ ಬಿಡಿರಿ. ಕಾಂಕ್ರೀಟಿನ ಕಟ್ಟುಕಲ್ಲನ್ನು ಕೊಳ್ಳುವವರು ಅಂಗಡಿಯವನು ಹೇಳುವ ನಾನೂರು ಸಂದು ಸೇರಿದ ಅಳತೆಯೋ ಕಲ್ಲಿನ ನಿಜವಾದ ಅಳತೆಯೋ ಎಂಬುದನ್ನು ಪಟ್ಟಿ ಹಿಡಿದೇ ನೋಡತಕ್ಕದ್ದು. ಇವೆಲ್ಲವನ್ನೂ ನಕ್ಷೆಗೆ ರುಜು ಹಾಕುವ ಮೊದಲೇ ಮಾಡಬೇಕು. ತಳಪಾಯ ಬಿದ್ದ ಮೇಲೆ ಉಳಿಯುವುದು ಮೇಸ್ತ್ರಿಯ ಕರಣೆಯೂ, ಅಂಗಳದ ಮೂಲೆಯಲ್ಲಿ ಬೆಳೆಯುವ ಚೂರುಗಳ ಗುಡ್ಡೆಯೂ.