ಹತ್ತು ಚುಕ್ಕಿಗೆ ಒಂದು ಚುಕ್ಕಿ ಬಡ್ಡಿ

ಕಾಲೇಜಿನ ಎನ್‌ಎಸ್‌ಎಸ್ ಘಟಕದಿಂದ ಆರು ಶನಿವಾರ ಹಳ್ಳಿಯೊಂದರ ಸರ್ಕಾರಿ ಶಾಲೆಗೆ ಹೋಗಿದ್ದೆವು. ಆರನೇ ತರಗತಿಯ 24 ಮಕ್ಕಳಿಗೆ ಹಣದ ಆಟ ಆಡಿಸುವ ಕೆಲಸ ನನ್ನ ಪಾಲಿಗೆ ಬಂತು. ಹಳೆಯ ಮದುವೆ ಕಾರ್ಡು ಕತ್ತರಿಸಿ ನೋಟು ಮಾಡಿ, ಮೇಷ್ಟ್ರ ಸೀಲು ಒತ್ತಿಸಿದೆವು. ಸೀಲಿಲ್ಲದಿದ್ದರೆ ಎರಡನೇ ವಾರಕ್ಕೇ ಖೋಟಾ ನೋಟು ಗ್ಯಾರಂಟಿ. ಮದುವೆ ಕಾರ್ಡು ಯಾರ ಮನೆಯಲ್ಲಿಲ್ಲ ಹೇಳಿ! ನೋಟಿಗೆ ‘ಚುಕ್ಕಿ’ ಎಂದು ಮಕ್ಕಳೇ ಹೆಸರಿಟ್ಟರು.

ಬೋರ್ಡ್ ಒರೆಸುವುದು, ಗಿಡಕ್ಕೆ ನೀರು ಹಾಕುವುದು ಹೀಗೆ ಪ್ರತಿಯೊಬ್ಬರಿಗೂ ಒಂದು ಕೆಲಸ, ವಾರಕ್ಕೆ 50 ಚುಕ್ಕಿ ಸಂಬಳ. ಅದರಲ್ಲಿ ಬೆಂಚಿನ ಬಾಡಿಗೆ 20, ಕರೆಂಟು-ನೀರಿಗೆ 10 ಕಟ್ಟಲೇಬೇಕು. ಉಳಿದ 20ರಲ್ಲಿ ಅಂಗಡಿಯಿಂದ ಪೆನ್ಸಿಲ್ಲೋ ಸ್ಟಿಕ್ಕರೋ ಕೊಳ್ಳಬಹುದು, ಇಲ್ಲವೇ ಬ್ಯಾಂಕಿಗೆ ಹಾಕಬಹುದು. ಒಂದು ವಾರ ಬಿಟ್ಟರೆ ಪ್ರತಿ ಹತ್ತಕ್ಕೆ ಒಂದು ಚುಕ್ಕಿ ಬಡ್ಡಿ.

ಒಬ್ಬಳು ಹುಡುಗಿಯ ಕಣ್ಣು 65 ಚುಕ್ಕಿಯ ಸ್ಕೆಚ್ ಪೆನ್ ಡಬ್ಬಿಯ ಮೇಲಿತ್ತು. ಮೊದಲ ವಾರ 20 ಹಾಕಿದಳು. ಎರಡನೇ ವಾರಕ್ಕೆ ಅದು 22 ಆಗಿ, ಹೊಸ 20 ಸೇರಿ 42 ಆಯಿತು. ಮೂರನೇ ವಾರ 4 ಬಡ್ಡಿ, ಮತ್ತೆ 20, ಒಟ್ಟು 66. ಬಡ್ಡಿ ಇಲ್ಲದಿದ್ದರೆ 60ಕ್ಕೇ ನಿಲ್ಲುತ್ತಿತ್ತು, ಇನ್ನೊಂದು ವಾರ ಕಾಯಬೇಕಿತ್ತು. ಇದನ್ನು ಅವಳೇ ಬೋರ್ಡಿನ ಮೇಲೆ ಬರೆದು ತೋರಿಸಿದಳು. ಆದರೆ ವಾರಕ್ಕೆ ಹತ್ತಕ್ಕೊಂದು ಬಡ್ಡಿ ಆಟದಲ್ಲಿ ಮಾತ್ರ. ನಿಜವಾದ ಬ್ಯಾಂಕಿನ ಉಳಿತಾಯ ಖಾತೆಯಲ್ಲಿ ಇಡೀ ವರ್ಷಕ್ಕೂ ಅಷ್ಟು ಸಿಗುವುದಿಲ್ಲ. ಹೊರಗೆ ಯಾರಾದರೂ ನಮ್ಮ ಆಟದ ದರ ಹೇಳಿದರೆ ಅಲ್ಲಿಂದ ಓಡಿ ಎಂದು ಮಕ್ಕಳಿಗೆ ಹೇಳಲೇಬೇಕಾಯಿತು.

ನಾಲ್ಕನೇ ವಾರ ‘ಅನಿರೀಕ್ಷಿತ ಖರ್ಚಿನ’ ಚೀಟಿ ಎತ್ತಿಸಿದೆ. ‘ಕೊಡ ಒಡೆಯಿತು, 15 ಚುಕ್ಕಿ’ ಎಂಬ ಚೀಟಿ ಬಂದದ್ದು ವಾರವಾರವೂ ಸ್ಟಿಕ್ಕರ್ ಕೊಂಡ ಹುಡುಗನಿಗೆ. ಬ್ಯಾಂಕಿನಲ್ಲಿ ಅವನದು ಸೊನ್ನೆ. 15 ಸಾಲ ಪಡೆದು, ಮುಂದಿನ ವಾರ 18 ತೀರಿಸಿದ. ಆ ವಾರ ಅವನ ಕೈಯಲ್ಲಿ ಮಿಕ್ಕಿದ್ದು ಎರಡೇ ಚುಕ್ಕಿ. ಅಂಗಡಿಯ ಹತ್ತಿರವೇ ಸುಳಿಯಲಿಲ್ಲ.

ನನಗೆ ಹೆಚ್ಚು ಇಷ್ಟವಾದದ್ದು ‘ಅಗತ್ಯ’, ‘ಆಸೆ’ ಎಂದು ಚೀಟಿ ವಿಂಗಡಿಸುವ ಆಟ. ಮೊಬೈಲ್ ರೀಚಾರ್ಜನ್ನು ಎಲ್ಲರೂ ಆಸೆಗೆ ತಳ್ಳಿದರು. ಹಿಂದಿನ ಬೆಂಚಿನವಳೊಬ್ಬಳು ಎದ್ದು, “ಅಣ್ಣಾ, ಮೇಸ್ತ್ರಿ ಫೋನ್ ಮಾಡಿದ್ರೇನೇ ನಮ್ಮಪ್ಪಂಗೆ ಗಾರೆ ಕೆಲ್ಸ. ರೀಚಾರ್ಜ್ ಇಲ್ದಿದ್ರೆ ಆವತ್ತು ಕೂಲಿನೂ ಇಲ್ಲ” ಎಂದಳು. ತರಗತಿ ಗಪ್‌ಚುಪ್. “ಗೇಮ್ ಆಡೋಕೆ ಹಾಕಿಸಿದ್ರೆ?” ಎಂದು ಇನ್ನೊಬ್ಬ ಕೇಳಿದ. ಅರ್ಧ ಗಂಟೆ ವಾದ ನಡೆದು, ವಸ್ತುವಿನ ಹೆಸರು ನೋಡಿ ವಿಂಗಡಿಸುವಂತಿಲ್ಲ, ‘ಇದಿಲ್ಲದಿದ್ದರೆ ನಾಳೆ ಏನು ನಿಲ್ಲುತ್ತದೆ’ ಎಂದು ಕೇಳಬೇಕು ಎಂದು ಅವರೇ ನಿಯಮ ಮಾಡಿಕೊಂಡರು. ನನ್ನ ಡೇಟಾ ಪ್ಯಾಕಿಗೂ ಈ ಪ್ರಶ್ನೆ ಹಾಕಿ ನೋಡಿದೆ. ಉತ್ತರ ಇಲ್ಲಿ ಬೇಡ.

ಆಟಕ್ಕೊಂದು ಮಿತಿಯಿದೆ. ಇಲ್ಲಿ ಎಲ್ಲರಿಗೂ ಸಮಾನ ಸಂಬಳ, ಮನೆಯಲ್ಲಿ ಹಾಗಿಲ್ಲ. ಅರ್ಧಕ್ಕರ್ಧ ಮಕ್ಕಳಿಗೆ ಪಾಕೆಟ್ ಮನಿಯೇ ಇಲ್ಲ, ಹಬ್ಬಕ್ಕೋ ಜಾತ್ರೆಗೋ ಮಾವ, ಅತ್ತೆ ಕೊಟ್ಟ ಕಾಸಷ್ಟೇ. ಹಾಗಾಗಿ ಯಾರಿಗೆ ಎಷ್ಟು ಸಿಗುತ್ತದೆ ಎಂದು ತರಗತಿಯಲ್ಲಿ ಕೇಳಲಿಲ್ಲ. ಹತ್ತು ವರ್ಷ ದಾಟಿದವರು ತಮ್ಮ ಉಳಿತಾಯ ಖಾತೆಯನ್ನು ತಾವೇ ನಿರ್ವಹಿಸಲು ರಿಸರ್ವ್ ಬ್ಯಾಂಕ್ 2014ರಲ್ಲೇ ಅವಕಾಶ ಕೊಟ್ಟಿದೆ ಎಂದು ಮಾತ್ರ ತಿಳಿಸಿದೆ. ಜಾತ್ರೆಯ ಕಾಸನ್ನು ಡಬ್ಬಿಯಲ್ಲಿ ಕೂಡಿಟ್ಟಿರುವ ಇಬ್ಬರು, ಅದಕ್ಕೆ ಏನೇನು ಕಾಗದ ಬೇಕು ಎಂದು ಮೇಷ್ಟ್ರ ಬಳಿ ಪಟ್ಟಿ ಬರೆಸಿಕೊಂಡಿದ್ದಾರೆ.